ಇಂಗ್ಲಿಷ್ ಫಾರ್ಮ್ ಕನ್ನಡಕ್ಕೆ ತರುವಾಗ ಖಾಲಿ ಜಾಗಗಳ ಕೆಲಸ

ಅಮೆರಿಕದ ಕಂಪನಿಯೊಂದು ಕರ್ನಾಟಕದ ರೈತರಿಂದ ಬೆಳೆ ಕೊಳ್ಳಲು ಬಳಸುವ ನೋಂದಣಿ ಫಾರ್ಮನ್ನು ಕನ್ನಡಕ್ಕೆ ತಂದುಕೊಟ್ಟೆ. ಇಂಥ ಕೆಲಸದಲ್ಲಿ ನಾನು ಮೊದಲು ಖಾಲಿ ಜಾಗಗಳಿಗೆಲ್ಲ ಗುರುತು ಹಾಕಿಕೊಳ್ಳುತ್ತೇನೆ. ಹೆಚ್ಚಿನ ತೊಡಕು ಇರುವುದು ಅಲ್ಲೇ.

ಮೂಲದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/05/2024 ಅವರಿಗೆ ಏಪ್ರಿಲ್ 5, ನಮಗೆ ಮೇ 4. ಹಾಗಾಗಿ ದಿನ, ತಿಂಗಳು, ವರ್ಷ ಎಂದು ಹೆಸರು ಬರೆದ ಮೂರು ಬೇರೆ ಚೌಕ ಇಟ್ಟೆ. ಆನ್‌ಲೈನ್ ಪ್ರತಿಯನ್ನು 25/03 ಹಾಕಿ ಪರೀಕ್ಷಿಸಿದರೆ ಸಾಲದು. ಇಪ್ಪತ್ತೈದನೇ ತಿಂಗಳು ಇಲ್ಲದ್ದರಿಂದ ಕೆಲವು ತಂತ್ರಾಂಶಗಳು ತಾವೇ ಅದಲುಬದಲು ಮಾಡಿ ಸರಿಪಡಿಸಿಕೊಳ್ಳುತ್ತವೆ. 12ರವರೆಗಿನ ದಿನಗಳು ಮಾತ್ರ ಸದ್ದಿಲ್ಲದೆ ತಪ್ಪಾಗುತ್ತವೆ. ಮೇ 4 ಎಂದು ತುಂಬಿ, ಒಳಗೆ 2024-05-04 ಎಂದೇ ಉಳಿದಿದೆಯೇ ಎಂದು ನೋಡಬೇಕು.

ಮೊತ್ತದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಒಪ್ಪಂದ ಡಾಲರಿನಲ್ಲಿದ್ದರೆ ಚಿಹ್ನೆ $ ಆಗಿಯೇ ಇರಬೇಕು. ಅದನ್ನು ₹ ಮಾಡಿದರೆ ಒಪ್ಪಂದದ ಬೆಲೆಯೇ ಬದಲಾಗುತ್ತದೆ, ಅದು ಅನುವಾದಕರ ಅಧಿಕಾರವಲ್ಲ. ಈ ಫಾರ್ಮಿನಲ್ಲಿ ಪಾವತಿ ರೂಪಾಯಿಯಲ್ಲೇ ಇತ್ತು. ಆದರೆ ಅಲ್ಪವಿರಾಮಗಳು ಮೂರು ಮೂರು ಅಂಕಿಗೆ ಅಚ್ಚಾಗಿದ್ದವು. 1,250,000 ಎಂಬುದು 12,50,000 ಆಗುವಂತೆ ಚೌಕಗಳನ್ನು ಸರಿಸಿ, ಅಕ್ಷರಗಳಲ್ಲಿ ಬರೆಯಲು ಒಂದು ಸಾಲು ಸೇರಿಸಿದೆ.

ಇದಕ್ಕಿಂತ ಕಷ್ಟವಾದದ್ದು ವಾಕ್ಯದ ನಡುವಿನ ಖಾಲಿ ಜಾಗ. ‘ರೂ. ____ ಗಳನ್ನು ____ ರ ಒಳಗೆ’ ಎಂದರೆ ಪ್ರತ್ಯಯಗಳು ಗೆರೆಯಾಚೆ ನೇತಾಡುತ್ತವೆ, ತುಂಬಿದ ಮೇಲೂ ಓದಲು ಎಡವುತ್ತದೆ. ನಾನು ವಾಕ್ಯವನ್ನು ಒಡೆದೆ:

ಮೊತ್ತ: ₹ ________
ಕೊನೆಯ ದಿನಾಂಕ: ________
ಮೇಲಿನ ಮೊತ್ತವನ್ನು ಕೊನೆಯ ದಿನಾಂಕದೊಳಗೆ ಪಾವತಿಸಲಾಗುವುದು.

ಅರ್ಥ ಅದೇ ಉಳಿಯಿತು. ಆದರೂ ಕಾನೂನಿನ ಮಾತಾದ್ದರಿಂದ ಕಂಪನಿಯ ವಕೀಲರಿಂದ ಒಪ್ಪಿಗೆ ಪಡೆದೆ.

ವಿಳಾಸದ ಕ್ರಮ ತಿರುಗಿಸಬೇಕಾಗಲಿಲ್ಲ, ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದು ನಮ್ಮಲ್ಲೂ ಇದೆ. ಆದರೆ ಬೀದಿ ಮತ್ತು ನಗರ ಕಡ್ಡಾಯವಾಗಿದ್ದವು. ಹಳ್ಳಿಯವರು ಅಲ್ಲಿ ತಾಲ್ಲೂಕು ಕೇಂದ್ರದ ಹೆಸರು ಬರೆದರೆ ಊರೇ ಕಾಣೆಯಾಗುತ್ತದೆ. ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಬಿಡಿಸಿ, ಅಮೆರಿಕದ ಐದು ಅಂಕಿಯ ಅಂಚೆ ಸಂಖ್ಯೆಯ ಜಾಗದಲ್ಲಿ ಪಿನ್ ಕೋಡಿಗೆ ಆರು ಚೌಕ ಕೊಟ್ಟೆ.

ಅಳತೆಯಲ್ಲಿ ಜಮೀನಿನ ವಿಸ್ತೀರ್ಣಕ್ಕೆ ಮೂಲದಲ್ಲಿ ಒಂದೇ ಚೌಕ ಇತ್ತು, ಎಕರೆಯ ದಶಮಾಂಶದಲ್ಲಿ. ಎಕರೆಗೆ 40 ಗುಂಟೆ, ಹಾಗಾಗಿ 2 ಎಕರೆ 20 ಗುಂಟೆ ಎಂದರೆ 2.5 ಎಕರೆ. ಪಹಣಿ ನೋಡಿ ತುಂಬುವವರು 2.20 ಎಂದು ಬರೆದರೆ 12 ಗುಂಟೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಎಕರೆಗೊಂದು, ಗುಂಟೆಗೊಂದು ಚೌಕ ಮಾಡಿ, ಗುಂಟೆಯ ಚೌಕಕ್ಕೆ 39ರ ಮಿತಿ ಹಾಕಿಸಿದೆ. ದಶಮಾಂಶಕ್ಕೆ ತಿರುಗಿಸುವ ಕೆಲಸ ಈಗ ತಂತ್ರಾಂಶದ್ದು.