ದೂರದ ಟಿವಿಗೆ 2.4 ಗಿಗಾಹರ್ಟ್ಸ್ ಸಾಕು: ನನ್ನ ಅನುಭವ

ಮಲಗುವ ಕೋಣೆಯ ಟಿವಿಯನ್ನು ವೈಫೈನ 5 ಗಿಗಾಹರ್ಟ್ಸ್‌ನಿಂದ ತೆಗೆದು 2.4ಕ್ಕೆ ಹಾಕುತ್ತೇನೆ ಎಂದಾಗ, ಈ ವಿಷಯ ಬಲ್ಲ ಗೆಳೆಯರೇ ಅದು ಹಿಂದಕ್ಕೆ ನಡೆಯುವ ಕೆಲಸ ಎಂದಿದ್ದರು. ಈಗ ಹಲವು ತಿಂಗಳುಗಳಿಂದ ಅದೇ ಟಿವಿಯಲ್ಲಿ 4ಕೆ ಚಿತ್ರಗಳು ನಡುವೆ ಎಲ್ಲಿಯೂ ನಿಲ್ಲದೆ ಓಡುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಹಜಾರದ ಟಿವಿಯ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ರೂಟರ್ ಅದಕ್ಕೆ ನಾಲ್ಕು ಮೀಟರ್ ದೂರದಲ್ಲಿ ಎದುರಿಗೇ ಇದೆ, 5 ಗಿಗಾಹರ್ಟ್ಸ್‌ನಲ್ಲಿ ಇನ್ನೂರು ಎಂಬಿಪಿಎಸ್ ದಾಟುತ್ತದೆ. ತೊಂದರೆ ಇದ್ದದ್ದು ಸುಮಾರು ಹನ್ನೊಂದು ಮೀಟರ್ ಆಚೆಗೆ, ಎರಡು ಇಟ್ಟಿಗೆ ಗೋಡೆಗಳ ಹಿಂದಿರುವ ಟಿವಿಯಲ್ಲಿ. ಅದರಲ್ಲೂ ಎರಡನೆಯ ಗೋಡೆಯನ್ನು ಸಿಗ್ನಲ್ ಓರೆಯಾಗಿ ದಾಟಬೇಕಾಗಿರುವುದರಿಂದ ಗೋಡೆ ಇರುವುದಕ್ಕಿಂತ ದಪ್ಪವಾದಂತೆಯೇ ಲೆಕ್ಕ. ಅಲ್ಲಿ 5 ಗಿಗಾಹರ್ಟ್ಸ್‌ನ ವೇಗ ಒಮ್ಮೆ ಅರವತ್ತು ತೋರಿಸಿ, ಮರುಗಳಿಗೆಯಲ್ಲಿ ಐದಕ್ಕೆ ಕುಸಿಯುತ್ತಿತ್ತು. ಸರಾಸರಿ ನೋಡಿದರೆ ಚೆನ್ನಾಗಿಯೇ ಇತ್ತು, ಆದರೆ ಚಿತ್ರ ಮಸುಕಾಗುವುದು, ಕೊನೆಗೆ ನಿಂತೇಬಿಡುವುದು ಆ ಐದರ ಗಳಿಗೆಗಳಲ್ಲಿ. 4ಕೆಗೆ ಬೇಕಾಗುವುದು ಹದಿನೈದರಿಂದ ಇಪ್ಪತ್ತೈದು ಎಂಬಿಪಿಎಸ್ ಮಾತ್ರ. 2.4ರಲ್ಲಿ ಅದೇ ಜಾಗದಲ್ಲಿ ಮೂವತ್ತೈದರ ಆಸುಪಾಸು ಸಿಕ್ಕಿತು, ನೆನಪಿರುವಂತೆ ಇಪ್ಪತ್ತೆಂಟಕ್ಕಿಂತ ಕೆಳಗೆ ಇಳಿಯಲಿಲ್ಲ. ಟಿವಿಗೆ ಬೇಕಾದದ್ದು ಅತಿ ಹೆಚ್ಚಿನ ವೇಗವಲ್ಲ, ಕುಸಿಯದ ಕನಿಷ್ಠ ವೇಗ.

ಇದನ್ನು ಕಂಡುಕೊಳ್ಳುವ ಮೊದಲು ಹಣ ಸಾಕಷ್ಟು ಹೋಗಿತ್ತು. ರೂಟರಿನ ಅರ್ಧ ಬೆಲೆ ಕೊಟ್ಟು ತಂದ ರಿಪೀಟರ್ ಒಂದೇ ರೇಡಿಯೊದಲ್ಲಿ ಪಡೆದದ್ದನ್ನು ಮತ್ತೆ ಅದೇ ರೇಡಿಯೊದಲ್ಲಿ ಕಳಿಸಬೇಕಾದ್ದರಿಂದ ವೇಗವನ್ನು ಅರ್ಧಕ್ಕೆ ಇಳಿಸಿತು. ಆಮೇಲೆ ಉದ್ದನೆಯ ಆಂಟೆನಾಗಳ ದುಬಾರಿ ರೂಟರ್ ಬಂದಿತು. ಟಿವಿಯಲ್ಲಿ ಸಿಗ್ನಲ್ ಗೆರೆಗಳು ಹೆಚ್ಚಾದವೇ ಹೊರತು ಚಿತ್ರ ನಿಲ್ಲುವುದು ತಪ್ಪಲಿಲ್ಲ. ರೂಟರ್ ಎಷ್ಟೇ ಜೋರಾಗಿ ಕೂಗಿದರೂ ಟಿವಿಯ ಪುಟ್ಟ ಆಂಟೆನಾ ಕೊಡುವ ಮರುಉತ್ತರ ಅದಕ್ಕೆ ಕೇಳಿಸಬೇಕಲ್ಲವೇ? ಆ ಕಡೆಯ ಬಲ ಒಂದಿಷ್ಟೂ ಹೆಚ್ಚಾಗಿರಲಿಲ್ಲ.

ನಿರ್ಧಾರಕ್ಕೆ ಮೀಟರಿನ ದೂರವೊಂದೇ ಸಾಲದು, ಟಿವಿಯ ಬೆನ್ನಿನ ಬಳಿ ಸಿಗ್ನಲ್ ಎಷ್ಟಿದೆ ಎಂದು ನೋಡಬೇಕು. ಎಲ್ಲರೂ ಫೋನನ್ನು ಟಿವಿಯ ಮುಂದೆ ಹಿಡಿದು ಅಳೆಯುತ್ತಾರೆ. ಆದರೆ ಅನೇಕ ಟಿವಿಗಳ ಆಂಟೆನಾ ಇರುವುದು ಲೋಹದ ತಗಡಿನ ಹಿಂದೆ, ಗೋಡೆಗೆ ಅಂಟಿಕೊಂಡಂತೆ. ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಚೆನ್ನಾಗಿದೆ ಎಂದರ್ಥ. ನನ್ನ ಫೋನು ಟಿವಿಯ ಮುಂದೆ ಮೈನಸ್ 64 ಡಿಬಿಎಂ ತೋರಿಸಿದರೆ, ಹಿಂದಿನ ಸಂದಿಯಲ್ಲಿ ಮೈನಸ್ 75ರ ಹತ್ತಿರ ತೋರಿಸಿತು. ಬೆನ್ನಿನ ಬಳಿ 5 ಗಿಗಾಹರ್ಟ್ಸ್ ಮೈನಸ್ 65ಕ್ಕಿಂತ ಉತ್ತಮವಾಗಿದ್ದರೆ ಅದನ್ನೇ ಇಡುತ್ತೇನೆ, ಮೈನಸ್ 72ಕ್ಕಿಂತ ಕೆಳಗಿದ್ದರೆ ಯೋಚಿಸದೆ 2.4ಕ್ಕೆ ಹಾಕುತ್ತೇನೆ. ನಡುವಿನದ್ದಾದರೆ ಅಕ್ಕಪಕ್ಕದವರ ರೂಟರುಗಳೆಲ್ಲ ದುಡಿಯುವ ಸಂಜೆಯ ಹೊತ್ತಿನಲ್ಲಿ ಎರಡರಲ್ಲೂ ಒಂದೊಂದು ಗಂಟೆ 4ಕೆ ಓಡಿಸಿ ನೋಡುತ್ತೇನೆ. ಹಗಲಿನ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

2.4ಕ್ಕೆ ಬಂದ ಮೇಲೆ ಅದನ್ನು ಹಾಗೆಯೇ ಬಿಟ್ಟರೆ ಮತ್ತೆ ಗೋಳು ತಪ್ಪದು. ರೂಟರಿನ ಸೆಟ್ಟಿಂಗಿನಲ್ಲಿ ಚಾನಲ್ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ, 1, 6, 11ನೆಯ ಚಾನಲ್ಲುಗಳಲ್ಲಿ ಸಂಜೆ ಯಾವುದು ಖಾಲಿ ಇರುತ್ತದೆಯೋ ಅದನ್ನು ಸ್ಥಿರವಾಗಿ ನಿಗದಿಪಡಿಸಿದೆ. ಎರಡೂ ಬ್ಯಾಂಡುಗಳಿಗೆ ಒಂದೇ ಹೆಸರಿದ್ದಾಗ ಟಿವಿ ಮತ್ತೆ ಮತ್ತೆ 5ಕ್ಕೇ ಜೋತುಬೀಳುತ್ತಿದ್ದುದರಿಂದ ಬೇರೆ ಬೇರೆ ಹೆಸರು ಕೊಟ್ಟು, ಟಿವಿಯ ನೆನಪಿನಿಂದ 5ರ ಹೆಸರನ್ನು ಅಳಿಸಿದೆ. ಫೋನು 5ರಲ್ಲಿಯೂ ಟಿವಿ 2.4ರಲ್ಲಿಯೂ ಇದ್ದರೆ ಫೋನಿನಿಂದ ಟಿವಿಗೆ ವಿಡಿಯೊ ಕಳಿಸಲಾಗದು ಎಂಬ ಭಯ ಹಲವರಿಗಿದೆ. ಎರಡೂ ಒಂದೇ ರೂಟರಿನ ಮುಖ್ಯ ನೆಟ್‌ವರ್ಕಿನಲ್ಲಿದ್ದರೆ ಅಡ್ಡಿಯಿಲ್ಲ, ಅತಿಥಿ ನೆಟ್‌ವರ್ಕಿನಲ್ಲಿ ಮಾತ್ರ ಸಾಮಾನ್ಯವಾಗಿ ಆಗುವುದಿಲ್ಲ.

ಕುತೂಹಲಕ್ಕೆ ಟಿವಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆಳೆದು ನೋಡಿದಾಗ ಐದಾರು ಡಿಬಿ ಸುಧಾರಿಸಿತು. ರೂಟರನ್ನು ಯಾವ ಎತ್ತರದಲ್ಲಿ, ಯಾವ ಓರೆಯಲ್ಲಿ ಇಟ್ಟರೆ ಇನ್ನಷ್ಟು ಸಿಗುತ್ತದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಟಿವಿಯ ಹಿಂದೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದರೆ 2.4ರ ವೇಗ ಬೀಳುವುದನ್ನೂ ಕಂಡೆ, ಉದ್ದದ ಕೇಬಲ್ಲಿನಲ್ಲಿ ಡಿಸ್ಕನ್ನು ದೂರ ಇಟ್ಟಾಗ ಸರಿಹೋಯಿತು. ಆದರೆ ಬ್ಲೂಟೂತ್ ಹೆಡ್‌ಫೋನಿನ ತೊಡಕಿಗೆ ಇಂತಹ ಸುಲಭದ ದಾರಿ ಸಿಗಲಿಲ್ಲ. ಬ್ಲೂಟೂತ್ ಕೂಡ 2.4ರಲ್ಲಿಯೇ ನಡೆಯುವುದರಿಂದ ಧ್ವನಿ ತುಂಡುತುಂಡಾಗುತ್ತದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನೋಡುವವರು ಗೋಡೆಯುದ್ದಕ್ಕೂ ಲ್ಯಾನ್ ಕೇಬಲ್ ಎಳೆಯುವುದೇ ಸರಿ. ಅನೇಕ ಟಿವಿಗಳ ಲ್ಯಾನ್ ಪೋರ್ಟು ನೂರು ಎಂಬಿಪಿಎಸ್‌ನದ್ದೇ ಆದರೂ 4ಕೆಗೆ ಅಷ್ಟು ಧಾರಾಳವಾಯಿತು.