ಎರಡು ಬಾಯ್ಲರ್, 40 ಟನ್ ದೂಳು: ಪರ್ಮಿಟ್ ವ್ಯಾಪಾರದ ಲೆಕ್ಕವನ್ನು ನಾನು ಹಾಕುವ ಬಗೆ

ಮಂಡ್ಯ, ಮೈಸೂರು ಕಡೆಯ ಕಾರ್ಖಾನೆಗಳ ಬಾಯ್ಲರ್ ಉಸ್ತುವಾರಿಗಳಿಗೆ ಮಾಲಿನ್ಯ ಪರ್ಮಿಟ್ ವ್ಯಾಪಾರ, ಅಂದರೆ ಇಷ್ಟು ದೂಳು ಬಿಡಬಹುದು ಎಂಬ ಅನುಮತಿಯನ್ನು ಕಾರ್ಖಾನೆಗಳು ತಮ್ಮಲ್ಲೇ ಕೊಂಡು ಮಾರುವುದನ್ನು ವಿವರಿಸುವಾಗ ನಾನು ಗ್ರಾಫಿನಿಂದ ಶುರು ಮಾಡುವುದಿಲ್ಲ, ಚಿಮಣಿಯಿಂದ ಶುರು ಮಾಡುತ್ತೇನೆ. ಒಂದು ಕಡೆ ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆ, ಇನ್ನೊಂದು ಕಡೆ ಕಲ್ಲಿದ್ದಲು ಉರಿಸುವ ಬಟ್ಟೆ ಬಣ್ಣದ ಘಟಕ. ಎರಡೂ ವರ್ಷಕ್ಕೆ ತಲಾ 50 ಟನ್ ದೂಳು ಬಿಡುತ್ತವೆ ಎಂದಿಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ನಿಜವಾದ ಯಾವ ಕಾರ್ಖಾನೆಯವೂ ಅಲ್ಲ, ಅಭ್ಯಾಸಕ್ಕೆಂದು ಕಟ್ಟಿಕೊಂಡವು. ಲೆಕ್ಕದ ಕ್ರಮ ಮಾತ್ರ ನಿಜವಾದ ಚಿಮಣಿಗೂ ಇದೇ.

ಮೊದಲು ಎಷ್ಟು ಕಿಲೋ ದೂಳು ಹೋಗುತ್ತಿದೆ ಎಂಬುದು ಗೊತ್ತಾಗಬೇಕು. ಚಿಮಣಿ ತಪಾಸಣೆಯ ವರದಿಯಲ್ಲಿ ಸಿಗುವುದು ಒಂದು ಘನ ಮೀಟರ್ ಹೊಗೆಗೆ ಎಷ್ಟು ಮಿಲಿಗ್ರಾಂ ಎಂಬುದು. ಪರ್ಮಿಟ್‌ಗೆ ಬೇಕಾದ್ದು ಕಿಲೋ. ಬಣ್ಣದ ಘಟಕದ್ದು 250 ಮಿಲಿಗ್ರಾಂ, ಹೊಗೆಯ ಹರಿವು ಗಂಟೆಗೆ 25,000 ಘನ ಮೀಟರ್, ವರ್ಷಕ್ಕೆ 8,000 ಗಂಟೆ ಓಡುತ್ತದೆ ಎಂದರೆ ಗಂಟೆಗೆ 6.25 ಕಿಲೋ, ವರ್ಷಕ್ಕೆ 50,000 ಕಿಲೋ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಹೊಗೆ ಕೊಳವೆಗೆ ಹೊರಗಿನ ಗಾಳಿ ನುಸುಳಿ ಹರಿವು 31,250 ಘನ ಮೀಟರ್ ಆದರೆ ಮಿಲಿಗ್ರಾಂ 200ಕ್ಕೆ ಇಳಿಯುತ್ತದೆ, ದೂಳು ಮಾತ್ರ ಅದೇ 6.25 ಕಿಲೋ. ವರದಿ ನೋಡಿದವರಿಗೆ ಸುಧಾರಣೆ ಆದಂತೆ ಕಾಣುತ್ತದೆ. ಹೊಗೆಯಲ್ಲಿ ಆಮ್ಲಜನಕದ ಶೇಕಡಾವಾರು ಏರಿದ್ದರೆ ಅದು ನುಸುಳಿದ ಗಾಳಿಯ ಗುರುತು. ಆದ್ದರಿಂದ ಹರಿವನ್ನೂ ಅಳೆಯದ ಕಡೆ ಪರ್ಮಿಟ್ ಮಾತು ಎತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ವೆಚ್ಚದ ಮೆಟ್ಟಿಲು. ದೂಳು ತಗ್ಗಿಸುವ ಕೆಲಸ ಎಲ್ಲೂ ಒಂದೇ ದರದಲ್ಲಿ ಆಗುವುದಿಲ್ಲ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಪ್ರತಿ 10 ಟನ್‌ಗೆ ಒಂದು ಮೆಟ್ಟಿಲು ಮಾಡಿ ಬರೆಯಿಸುತ್ತೇನೆ. ಸಕ್ಕರೆ ಕಾರ್ಖಾನೆಗೆ ಮೊದಲ ಮೆಟ್ಟಿಲು ಕಿಲೋಗೆ 4 ರೂಪಾಯಿ: ಹೊಗೆಯನ್ನು ಸುತ್ತಿಸಿ ದೂಳು ಬೇರ್ಪಡಿಸುವ ಸೈಕ್ಲೋನಿನ ಸವೆದ ಶಂಕುಗಳನ್ನು ಬದಲಿಸುವುದು, ಬೂದಿ ಬೀಳುವ ಬಾಯಿಯಲ್ಲಿ ಗಾಳಿ ಒಳಕ್ಕೆ ಎಳೆಯದಂತೆ ರೋಟರಿ ವಾಲ್ವ್ ಬಿಗಿ ಮಾಡುವುದು. ಅಲ್ಲಿ ಗಾಳಿ ಒಳಬಂದರೆ ಬಿದ್ದ ಬೂದಿ ಮತ್ತೆ ಮೇಲೇಳುತ್ತದೆ, ಸೈಕ್ಲೋನ್ ಇದ್ದೂ ಇಲ್ಲದಂತೆ. ಎರಡನೇ ಮೆಟ್ಟಿಲು 8 ರೂಪಾಯಿ, ನೀರು ಸಿಂಪಡಿಸಿ ದೂಳು ಹಿಡಿಯುವ ವೆಟ್ ಸ್ಕ್ರಬ್ಬರಿನ ಕಟ್ಟಿಕೊಂಡ ನಾಜಲ್ ಬಿಡಿಸಿ ನೀರು ಹೆಚ್ಚಿಸುವುದು. ಮೂರನೆಯದು 15, ಸ್ಕ್ರಬ್ಬರಿಗೆ ಇನ್ನೊಂದು ಹಂತ ಸೇರಿಸುವುದು. ನಾಲ್ಕನೆಯದು 30, ಆಮೇಲಿನದು 80.

ಬಣ್ಣದ ಘಟಕದಲ್ಲಿ ಜಾಗ ಇಕ್ಕಟ್ಟು, ಬಾಯ್ಲರ್ ಹಳೆಯದು, ಸುಲಭದ ಕೆಲಸಗಳೆಲ್ಲ ಮುಗಿದಿವೆ. ಅಲ್ಲಿ ಮೊದಲ ಮೆಟ್ಟಿಲೇ 20 ರೂಪಾಯಿ, ಸೈಕ್ಲೋನ್ ತೆಗೆದು ಮಲ್ಟಿ ಸೈಕ್ಲೋನ್ ಹಾಕುವುದು. ಎರಡನೆಯದು 40, ಅದರ ಮುಂದೆ ಹೊಗೆಯನ್ನು ಬಟ್ಟೆಯ ಚೀಲಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್. ಮೂರನೆಯದು 60.

ಈ 40 ರೂಪಾಯಿ ಎಲ್ಲಿಂದ ಬಂತು ಎಂಬುದನ್ನು ಒಂದು ಸಲವಾದರೂ ಕೈಯಾರೆ ಮಾಡಿಸುತ್ತೇನೆ. ಬ್ಯಾಗ್ ಫಿಲ್ಟರಿಗೆ 14 ಲಕ್ಷ ಬಂಡವಾಳ, 10 ವರ್ಷದ ಬಾಳಿಕೆ, ಶೇ 12 ಬಡ್ಡಿ ಎಂದು ಹಿಡಿದರೆ, ಬಂಡವಾಳವನ್ನು ವರ್ಷದ ಕಂತುಗಳಾಗಿ ಒಡೆಯಲು ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಬೇಕು:

```
=PMT(12%,10,-1400000)
```

ಉತ್ತರ ಸುಮಾರು 2.48 ಲಕ್ಷ, ವರ್ಷಕ್ಕೆ. ಬ್ಯಾಗ್ ಬದಲಾವಣೆ, ಕಂಪ್ರೆಸರ್ ಗಾಳಿ, ಫ್ಯಾನಿನ ಹೆಚ್ಚುವರಿ ವಿದ್ಯುತ್ ಸೇರಿ 1.52 ಲಕ್ಷ. ಒಟ್ಟು 4 ಲಕ್ಷ. ಮಲ್ಟಿ ಸೈಕ್ಲೋನಿನಿಂದ ತಪ್ಪಿಸಿಕೊಂಡು ಬಂದದ್ದರಲ್ಲಿ ಫಿಲ್ಟರ್ ಹೊಸದಾಗಿ ಹಿಡಿಯುವುದು 10,000 ಕಿಲೋ, ಹಾಗಾಗಿ ಕಿಲೋಗೆ 40. ಬಾಯ್ಲರಿನಿಂದ ಹೊರಟ ಇಡೀ ದೂಳಿನಿಂದ ಭಾಗಿಸಿದರೆ ದರ ಸುಳ್ಳಾಗಿ ಕಡಿಮೆ ಕಾಣುತ್ತದೆ. ಫಿಲ್ಟರಿನ ಮೇಲೂ ಒಂದು ಕಣ್ಣಿರಬೇಕು: ಕಿಡಿ ಹಾರಿ ಬ್ಯಾಗ್ ತೂತಾದರೆ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್ ಇದ್ದಕ್ಕಿದ್ದಂತೆ ಇಳಿಯುತ್ತದೆ; ತಣ್ಣಗಿದ್ದಾಗ ಬಾಯ್ಲರ್ ಹೊತ್ತಿಸಿ ತೇವಕ್ಕೆ ದೂಳು ಹೆಪ್ಪುಗಟ್ಟಿದರೆ ಅದೇ ಗೇಜ್ ಏರುತ್ತಲೇ ಹೋಗುತ್ತದೆ. ತೂತಾದ ಬ್ಯಾಗಿನಿಂದ ವರ್ಷಕ್ಕೆ 8,000 ಕಿಲೋ ಮಾತ್ರ ಹಿಡಿದರೆ ಖರ್ಚು ಅಷ್ಟೇ, ದರ 50 ರೂಪಾಯಿ.

ಈಗ ಗುರಿ. ಎರಡೂ ಸೇರಿ 100 ಟನ್ ಬಿಡುತ್ತಿದ್ದುದು 60ಕ್ಕೆ ಇಳಿಯಬೇಕು, ಅಂದರೆ 40 ಟನ್ ಕಡಿತ. ಎಲ್ಲರೂ ಮೊದಲು ಹೇಳುವುದು ಒಂದೇ, “ಇಬ್ಬರಿಗೂ ಸಮ ಮಾಡಿ ಸಾರ್, ತಲಾ 20.” ಮಾಡೋಣ. ಸಕ್ಕರೆ ಕಾರ್ಖಾನೆ ಮೊದಲೆರಡು ಮೆಟ್ಟಿಲು ಹತ್ತಿದರೆ 40,000 ಮತ್ತು 80,000, ಒಟ್ಟು 1.2 ಲಕ್ಷ. ಬಣ್ಣದ ಘಟಕಕ್ಕೆ 2 ಲಕ್ಷ ಮತ್ತು 4 ಲಕ್ಷ, ಒಟ್ಟು 6 ಲಕ್ಷ. ಎರಡೂ ಸೇರಿ 7.2 ಲಕ್ಷ.

ಇನ್ನು ಯಾರ ಕಾರ್ಖಾನೆ ಎಂಬುದನ್ನು ಮರೆತು, ಎಲ್ಲ ಮೆಟ್ಟಿಲುಗಳನ್ನೂ ಅಗ್ಗದ್ದರಿಂದ ದುಬಾರಿಗೆ ಸಾಲಾಗಿ ಜೋಡಿಸಿ: 4, 8, 15, 20, 30, 40, 60, 80. ನಮಗೆ ಬೇಕಾದ್ದು 40 ಟನ್, ಅಂದರೆ ಮೊದಲ ನಾಲ್ಕು. 40,000, 80,000, 1.5 ಲಕ್ಷ, 2 ಲಕ್ಷ, ಒಟ್ಟು 4.7 ಲಕ್ಷ. ಗಾಳಿಗೆ ಸೇರುವ ದೂಳು ಅದೇ 60 ಟನ್, ಉಳಿದದ್ದು 2.5 ಲಕ್ಷ. ಉಳಿತಾಯದ ಮೂಲ ಒಂದೇ ಕಡೆ ಇದೆ: ಬಣ್ಣದ ಘಟಕದ 40 ರೂಪಾಯಿಯ ಮೆಟ್ಟಿಲನ್ನು ಬಿಟ್ಟು, ಸಕ್ಕರೆ ಕಾರ್ಖಾನೆಯ 15 ರೂಪಾಯಿಯ ಮೆಟ್ಟಿಲು ಹತ್ತಿದ್ದು. ಕಿಲೋಗೆ 25 ರೂಪಾಯಿ ವ್ಯತ್ಯಾಸ, 10,000 ಕಿಲೋ. ಇಬ್ಬರ ಮೆಟ್ಟಿಲುಗಳೂ ಒಂದೇ ದರದವಾಗಿದ್ದರೆ ಈ ಉಳಿತಾಯ ಸೊನ್ನೆ.

ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ಈ ಮೆಟ್ಟಿಲುಗಳ ಪಟ್ಟಿ ಗೊತ್ತಿದ್ದರೆ ಸಕ್ಕರೆಯವರಿಗೆ 30, ಬಣ್ಣದವರಿಗೆ 10 ಎಂದು ಆದೇಶವನ್ನೇ ಹೊರಡಿಸಬಹುದಿತ್ತು. ಆದರೆ ನಿಜವಾದ ವೆಚ್ಚ ಕಾರ್ಖಾನೆಯವರಿಗೆ ಮಾತ್ರ ಗೊತ್ತು, ಕೇಳಿದರೆ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ. ಪರ್ಮಿಟ್ ಕೆಲಸಕ್ಕೆ ಬರುವುದು ಇಲ್ಲಿ. ಇಬ್ಬರಿಗೂ ತಲಾ 30 ಟನ್ ಪರ್ಮಿಟ್ ಹಂಚಿ, ವರ್ಷದ ಕೊನೆಗೆ ಬಿಟ್ಟ ದೂಳಿನಷ್ಟು ಪರ್ಮಿಟ್ ಒಪ್ಪಿಸಿ ಎಂದರೆ ಸಾಕು. ಬೆಲೆ ಕಿಲೋಗೆ 25 ಎಂದಿರಲಿ. ಸಕ್ಕರೆಯವರು 15ಕ್ಕೆ ತಗ್ಗಿಸಿ 25ಕ್ಕೆ ಮಾರುತ್ತಾರೆ, 30ರ ಮೆಟ್ಟಿಲು ಹತ್ತುವುದಿಲ್ಲ. ಬಣ್ಣದವರು 20ರ ಮೆಟ್ಟಿಲು ಹತ್ತಿ, 40ರದ್ದರ ಬದಲು 25 ಕೊಟ್ಟು ಕೊಳ್ಳುತ್ತಾರೆ. 10 ಟನ್ ಕೈ ಬದಲಾಗುತ್ತದೆ, 2.5 ಲಕ್ಷ ಹಣ ಸಾಗುತ್ತದೆ. ಸಕ್ಕರೆಯವರಿಗೆ ಹೆಚ್ಚುವರಿ ಖರ್ಚು 1.5 ಲಕ್ಷ ಕಳೆದು 1 ಲಕ್ಷ ಲಾಭ. ಬಣ್ಣದವರಿಗೆ 4 ಲಕ್ಷದ ಫಿಲ್ಟರ್ ತಪ್ಪಿ 1.5 ಲಕ್ಷ ಉಳಿತಾಯ. ಕೂಡಿದರೆ ಅದೇ 2.5 ಲಕ್ಷ.

25 ಎಂಬ ಬೆಲೆಯನ್ನು ಸುಮ್ಮನೆ ಒಪ್ಪಿಕೊಳ್ಳಬಾರದು, ಬೇರೆ ಬೆಲೆ ಹಾಕಿ ನೋಡಬೇಕು. 18 ಎಂದರೆ ಬಣ್ಣದವರು ಏನೂ ತಗ್ಗಿಸುವುದಿಲ್ಲ, ಸಕ್ಕರೆಯವರು 30 ತಗ್ಗಿಸುತ್ತಾರೆ. ಕಡಿತ 30 ಟನ್ ಮಾತ್ರ, ಪರ್ಮಿಟ್ ಸಾಲದೆ ಬೆಲೆ ಏರುತ್ತದೆ. 35 ಎಂದರೆ ಸಕ್ಕರೆಯವರು 40, ಬಣ್ಣದವರು 10, ಒಟ್ಟು 50. ಪರ್ಮಿಟ್ ಮಿಕ್ಕಿ ಬೆಲೆ ಇಳಿಯುತ್ತದೆ. 20ಕ್ಕೂ 30ಕ್ಕೂ ನಡುವೆ ಬೆಲೆ ನಿಂತಾಗ ಮಾತ್ರ ಸರಿಯಾಗಿ 40 ಟನ್. ಇಬ್ಬರೇ ಇರುವ ಕಡೆ ಇದು ಚೌಕಾಸಿಯಾಗಿಬಿಡುತ್ತದೆ, ಮಾರುವವನು ಪರ್ಮಿಟ್ ಬಚ್ಚಿಟ್ಟುಕೊಂಡು ಬೆಲೆ ಏರಿಸಬಹುದು. ಗುಜರಾತಿನ ಸೂರತ್‌ನಲ್ಲಿ 2019ರಲ್ಲಿ ದೂಳಿನ ಕಣಗಳಿಗೆ ಇಂಥ ಮಾರುಕಟ್ಟೆ ಶುರುವಾದಾಗ ಸುಮಾರು 300 ಕಾರ್ಖಾನೆಗಳು ಪ್ರಯೋಗದಲ್ಲಿದ್ದವು, ಬೆಲೆಗೆ ಕೆಳಗಿನ ಮಿತಿಯನ್ನೂ ಮೇಲಿನ ಮಿತಿಯನ್ನೂ ಇಟ್ಟಿದ್ದರು. ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ದೂಳು ಸೇರದವುಗಳದ್ದಕ್ಕಿಂತ ಶೇ 20ರಿಂದ 30ರಷ್ಟು ಕಡಿಮೆಯಾಯಿತು.

ಲೆಕ್ಕ ಎಡವುವುದು ಎರಡು ಕಡೆ. ಒಂದು, ಪರ್ಮಿಟ್ ಕೊಂಡ 2.5 ಲಕ್ಷವನ್ನೂ ಒಟ್ಟು ವೆಚ್ಚಕ್ಕೆ ಸೇರಿಸಿ 7.2 ಲಕ್ಷ ಮಾಡಿ, ವ್ಯಾಪಾರದಿಂದ ಏನೂ ಉಳಿಯಲಿಲ್ಲ ಎನ್ನುವುದು. ಈ ಉದಾಹರಣೆಯಲ್ಲಿ ಮೊತ್ತ ಹಳೆಯದಕ್ಕೇ ಸರಿಹೊಂದುವುದರಿಂದ ಮೋಸ ಹೋಗುವುದು ಸುಲಭ. ಆ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದದ್ದು, ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ದೂಳು ತಗ್ಗಿಸಲು ಸುರಿದದ್ದು 4.7 ಲಕ್ಷ ಮಾತ್ರ. ಹಂಚಿಕೆ ಬದಲಿಸಿ ನೋಡಿದರೆ ಇದು ಇನ್ನೂ ಸ್ಪಷ್ಟ. ಸಕ್ಕರೆಯವರಿಗೆ 50, ಬಣ್ಣದವರಿಗೆ 10 ಟನ್ ಕೊಟ್ಟರೂ ಇಬ್ಬರೂ ಹತ್ತುವ ಮೆಟ್ಟಿಲುಗಳು ಅವೇ, ಒಟ್ಟು ವೆಚ್ಚ ಅದೇ 4.7 ಲಕ್ಷ. ಆದರೆ ಬಣ್ಣದವರು 30 ಟನ್ ಕೊಳ್ಳಲು 7.5 ಲಕ್ಷ ತೆರಬೇಕು. ಹಂಚಿಕೆ ನ್ಯಾಯವೇ ಎಂಬ ಜಗಳ ಹುಸಿಯಲ್ಲ. ಅದು ಯಾರು ಹೊರಬೇಕು ಎಂಬ ಜಗಳ, ಎಷ್ಟು ಖರ್ಚಾಗುತ್ತದೆ ಎಂಬುದರದ್ದಲ್ಲ.

ಇನ್ನೊಂದು, ಸರಾಸರಿ ವೆಚ್ಚವನ್ನು ಬೆಲೆಯ ಜೊತೆ ಹೋಲಿಸುವುದು. “ನಾಲ್ಕೂ ಮೆಟ್ಟಿಲು ಸೇರಿ ಸರಾಸರಿ 14 ರೂಪಾಯಿ ಚಿಲ್ಲರೆ ಬೀಳ್ತದೆ ಸಾರ್, 25ಕ್ಕೆ ಮಾರಿದ್ರೆ ಲಾಭ ಅಲ್ವಾ?” ಎಂಬ ಪ್ರಶ್ನೆ ಸಕ್ಕರೆ ಕಾರ್ಖಾನೆಯ ಲೆಕ್ಕ ಹಾಕುವವರಿಂದ ಬಂದೇ ಬರುತ್ತದೆ. ಸರಾಸರಿ 14.25 ಎಂಬುದು ಸರಿ. ಆದರೆ ನಾಲ್ಕನೇ ಮೆಟ್ಟಿಲಿನ ಪ್ರತಿ ಕಿಲೋಗೆ 30 ಖರ್ಚು ಮಾಡಿ 25ಕ್ಕೆ ಮಾರಿದರೆ 10 ಟನ್‌ಗೆ 50,000 ಕೈಬಿಟ್ಟಂತೆ. ಮೊದಲ ಮೂರು ಮೆಟ್ಟಿಲಿನ ಲಾಭ ಈ ನಷ್ಟವನ್ನು ಮುಚ್ಚಿಡುತ್ತದೆ. ಬೆಲೆಯ ಜೊತೆ ಹೋಲಿಸಬೇಕಾದ್ದು ಸೀಮಾಂತ ವೆಚ್ಚ, ಅಂದರೆ ಮುಂದಿನ ಮೆಟ್ಟಿಲಿನದ್ದು ಮಾತ್ರ. ಇಬ್ಬರೂ ಒಂದೇ ಬೆಲೆಯ ಎದುರು ತಂತಮ್ಮ ಮುಂದಿನ ಮೆಟ್ಟಿಲನ್ನು ಇಟ್ಟು ನೋಡುವುದರಿಂದಲೇ ಕಡಿತವು ಅಗ್ಗದ ಕಡೆಗೆ ತಾನಾಗಿ ಹೋಗುತ್ತದೆ.

ಕೊನೆಗೆ ಈ ಲೆಕ್ಕ ಹೇಳದ ಒಂದು ಸಂಗತಿ. ವ್ಯಾಪಾರವಾದ ಮೇಲೆ ಸಕ್ಕರೆ ಕಾರ್ಖಾನೆ 20 ಟನ್, ಬಣ್ಣದ ಘಟಕ 40 ಟನ್ ಬಿಡುತ್ತವೆ. ಸಮ ಹಂಚಿಕೆಯಲ್ಲಿ ಬಣ್ಣದ ಘಟಕ 30ಕ್ಕೆ ಇಳಿಯುತ್ತಿತ್ತು. ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ಹೊರಟರೂ ಪರಿಣಾಮ ಒಂದೇ, ದೂಳು ಹಾಗಲ್ಲ, ಹತ್ತಿರದವರ ಎದೆಗೇ ಇಳಿಯುತ್ತದೆ. ಬಣ್ಣದ ಘಟಕದ ಚಿಮಣಿಯಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಮನೆಗಳಿದ್ದರೆ ಆ 10 ಟನ್‌ಗೆ ಕಿಲೋಗೆ 25 ರೂಪಾಯಿ ಬೆಲೆ ಸಾಲದು. ಅದಕ್ಕೇ ಅಭ್ಯಾಸದ ಹಾಳೆಯಲ್ಲಿ ಒಟ್ಟು ಮಿತಿಯ ಜೊತೆಗೆ ಪ್ರತಿ ಚಿಮಣಿಗೂ ಮೀರಲಾಗದ ಒಂದು ಮೇಲ್ಮಿತಿಯ ಸಾಲು ಇಡುತ್ತೇನೆ. ಬಣ್ಣದ ಘಟಕಕ್ಕೆ ಅದನ್ನು 35 ಟನ್ ಎಂದಿಟ್ಟರೆ ಫಿಲ್ಟರ್ ಅರ್ಧ ಹಾಕಲು ಆಗುವುದಿಲ್ಲ, ಇಡೀ 40 ರೂಪಾಯಿಯ ಮೆಟ್ಟಿಲನ್ನೇ ಹತ್ತಬೇಕು. ಆಗ ಸಕ್ಕರೆಯವರು ಎರಡೇ ಮೆಟ್ಟಿಲು ಹತ್ತಿದರೆ ಸಾಕು, ಒಟ್ಟು ವೆಚ್ಚ ಮತ್ತೆ 7.2 ಲಕ್ಷ. ಆ 2.5 ಲಕ್ಷ ವ್ಯತ್ಯಾಸ ಚಿಮಣಿ ಪಕ್ಕದ ಮನೆಗಳವರ ಉಸಿರಿಗೆ ತೆತ್ತದ್ದು ಎಂದು ಹಾಳೆಯಲ್ಲೇ ಬರೆಸುತ್ತೇನೆ.