ರಿಕ್ರೂಟರ್ ಫೋನ್ ಇಟ್ಟ ಮೇಲೆ ಕಳಿಸಬೇಕಾದ ಮೇಲ್

ಮಾತು ಮುಗಿದ ದಿನವೇ, ಫೋನಿನಲ್ಲಿ ಆದ ಮಾತನ್ನು ಖಚಿತಪಡಿಸಿಕೊಳ್ಳಲು ಆರೇಳು ಸಾಲಿನ ಮೇಲ್ ಕಳಿಸಿ. ಸಬ್ಜೆಕ್ಟ್‌ನಲ್ಲಿ ಹುದ್ದೆಯ ಹೆಸರು, ಕರೆಯ ದಿನಾಂಕ ಇರಲಿ. ಎಡವಟ್ಟಾಗುವುದು ಹೆಚ್ಚಾಗಿ ಸಂಬಳದಲ್ಲೇ: ಫೋನಿನಲ್ಲಿ ಹೇಳಿದ ಮೊತ್ತದಲ್ಲಿ ಬೋನಸ್ಸೂ ಸೇರಿತ್ತು ಅಂತ ಆಫರ್ ಲೆಟರ್ ಬಂದಾಗ ಗೊತ್ತಾಗುತ್ತದೆ. ಹಾಗಾಗಿ ಬಿಡಿಸಿ ಬರೆಯಿರಿ:

"ನನಗೆ ಅರ್ಥವಾದಂತೆ, ಹುದ್ದೆ ಸೀನಿಯರ್ ಅನಲಿಸ್ಟ್, ವಾರಕ್ಕೆ 3 ದಿನ ಆಫೀಸು. ವರ್ಷದ ಒಟ್ಟು ಮೊತ್ತದಲ್ಲಿ ಶೇ. 90 ನಿಗದಿತ ಸಂಬಳ, ಶೇ. 10 ಬೋನಸ್. ಮುಂದಿನ ಸುತ್ತು ಗುರುವಾರ. ಲಿಂಕ್ ಬುಧವಾರ ಕಳಿಸುತ್ತೀರಿ. ತಪ್ಪಿದ್ದರೆ ದಯವಿಟ್ಟು ತಿದ್ದಿ."

"ಒಪ್ಪಿದ್ದೇನೆ" ಅಂತ ಬರೆಯಲೇಬೇಡಿ, ಆಮೇಲೆ ಸಂಬಳ ಹೆಚ್ಚು ಕೇಳುವುದು ಕಷ್ಟ. ಉತ್ತರ ಬರದಿದ್ದರೆ ಅದನ್ನೇ ಒಪ್ಪಿಗೆ ಅಂದುಕೊಳ್ಳದೆ, 2 ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ ಸಂಬಳದ ಸಾಲೊಂದನ್ನೇ ಮತ್ತೆ ಕೇಳಿ.